ಆರೆಸಳಿನ ತಾವರೆ: 7 ಚುಕ್ಕಿ, 4ರವರೆಗೆ ಸಂದು ಚುಕ್ಕಿ

ಚಿತ್ರ ಕಾಣಿಸದಿದ್ದರೂ ಇದನ್ನು ಓದಿಕೊಂಡೇ ಬಿಡಿಸಬಹುದು.

ನಡುವೆ 7 ಚುಕ್ಕಿ ಅಡ್ಡಸಾಲು. ಮೇಲೆ, ಕೆಳಗೆ ಸಂದಿನಲ್ಲಿ 6, 5, 4. ಒಟ್ಟು 37.

ನಡುಸಾಲಿನ 4ನೇ ಚುಕ್ಕಿಯೇ ಹೂವಿನ ನಡು. ಅದರ ಸುತ್ತ ಅಂಟಿಕೊಂಡಂತೆ ಆರು ಚುಕ್ಕಿಗಳಿವೆ ಅಲ್ವಾ? ಒಂದೊಂದನ್ನೂ ಒಳಗಿಟ್ಟುಕೊಂಡು ಒಂದೊಂದು ಎಸಳು. ನಡುವಿನಿಂದ ಹೊರಟು, ಹೊಟ್ಟೆ ಉಬ್ಬಿ, ಅದೇ ನೇರದ ಮುಂದಿನ ಚುಕ್ಕಿಯಲ್ಲಿ ಚೂಪಾಗುತ್ತದೆ. ಎರಡು ಎಸಳು ಎಡಬಲಕ್ಕೆ ಮಲಗಿವೆ, ನಾಲ್ಕು ಓರೆ. ನೆಟ್ಟಗೆ ಮೇಲಕ್ಕೆ ಎಸಳಿಲ್ಲ, ಅಲ್ಲಿರುವುದು ಎಲೆ. 5ರ ಸಾಲಿನ ನಡುಚುಕ್ಕಿ ಎಲೆಯೊಳಗೆ, ತುದಿ 4ರ ಸಾಲಿನ ನಡುವಿನೆರಡು ಚುಕ್ಕಿಗಳ ಸಂದಿಗೆ. ಎಲ್ಲ ಎಸಳುಗಳ ನಡುವೆಯೂ ಹೀಗೇ, ಒಟ್ಟು ಆರೆಲೆ. ಆರನೇ ಒಂದು ಸುತ್ತು ತಿರುಗಿಸಿದರೂ ರಂಗೋಲಿ ಹಾಗೇ ಕಾಣಬೇಕು.

ಎಸಳ ತುದಿಗೆ ಕಡುಗುಲಾಬಿ, ಒಳಗೆ ಹೋದಂತೆ ತಿಳಿಯಾಗಲಿ. ಈ ಹೂವಿನ ಚೆಲುವೆಲ್ಲ ಅದರಲ್ಲೇ ಇದೆ. ನಡುವಿಗೆ ಹಳದಿ ಬೊಟ್ಟು, ಎಲೆಗೆ ಹಸಿರು. ಹೊರಸುತ್ತಿನ 18 ಚುಕ್ಕಿ ಬಿಳಿಯಾಗೇ ಉಳಿಯಲಿ.