ವಿಮಾನವನ್ನು ಹೊತ್ತಿರುವುದು ಯಾರು?

ಮುಖ್ಯೋಪಾಧ್ಯಾಯರಿಗೆ, ಎಲ್ಲ ಶಿಕ್ಷಕರಿಗೆ, ನನ್ನ ಗೆಳೆಯ ಗೆಳತಿಯರಿಗೆ ಶುಭೋದಯ. ಇವತ್ತಿನ ವಿಜ್ಞಾನದ ಮಾತು ಎಂಟನೇ ತರಗತಿಯವರದ್ದು. ನಮ್ಮ ತರಗತಿಯ ಪರವಾಗಿ ನಾನು ಮಾತಾಡುತ್ತೇನೆ.

ಬೋಯಿಂಗ್ 747 ಅನ್ನುವ ದೊಡ್ಡ ವಿಮಾನ ಇಂಧನ, ಜನ, ಸಾಮಾನು ಎಲ್ಲ ತುಂಬಿಕೊಂಡು ಹೊರಟಾಗ ಸುಮಾರು 400 ಟನ್ ತೂಗಬಹುದು. ಅಷ್ಟು ಭಾರ ಹೊತ್ತು ಗಂಟೆಗಟ್ಟಲೆ ಮೇಲೆಯೇ ಇರುತ್ತದೆ. ಅದರ ಸುತ್ತ ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಅಂದಮೇಲೆ ಗಾಳಿಯೇ ಅದನ್ನು ಹೊರುತ್ತಿರಬೇಕು, ಅಲ್ವಾ?

ಗಾಳಿ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಅದು ಏನೂ ಅಲ್ಲ ಅಂತ ನಮಗೆ ಅನಿಸುತ್ತದೆ. ಆದರೆ ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಇರುವ ಪೆಟ್ಟಿಗೆಯಲ್ಲಿ ಹಿಡಿಸುವ ಗಾಳಿ ಒಂದು ಕಿಲೋಗಿಂತ ಜಾಸ್ತಿ ತೂಗುತ್ತದೆ. ತೂಕ ಇರುವ ವಸ್ತುವನ್ನು ನಾವು ತಳ್ಳಬಹುದು. ಅದೂ ನಮ್ಮನ್ನು ತಿರುಗಿ ತಳ್ಳುತ್ತದೆ.

ಈಗ ಇಲ್ಲಿ ನೋಡಿ. ಇದು ನಾವು ಪರೀಕ್ಷೆಗೆ ತರುವ ಪ್ಯಾಡ್. ನನ್ನ ಗೆಳೆಯ ಇದನ್ನು ನೆಲಕ್ಕೆ ಸಮನಾಗಿ ಹಿಡಿದು ವೇದಿಕೆಯ ಆ ತುದಿಗೆ ಓಡುತ್ತಾನೆ. ಏನೂ ಆಗಲಿಲ್ಲ. ಈಗ ಮುಂದಿನ ಅಂಚನ್ನು ಒಂಚೂರು ಮೇಲೆತ್ತಿ ಹಿಡಿದು ಓಡಿ ಬರುತ್ತಾನೆ. ಕಂಡಿತಾ? ಪ್ಯಾಡ್ ಅವನ ಕೈಯನ್ನು ಮೇಲಕ್ಕೆ ಎತ್ತುತ್ತಿದೆ. ವಾರೆಯಾದ ಪ್ಯಾಡ್ ಎದುರಿನ ಗಾಳಿಯನ್ನು ಕೆಳಕ್ಕೆ ತಳ್ಳಿತು. ಗಾಳಿ ಪ್ಯಾಡನ್ನು ಮೇಲಕ್ಕೆ ತಳ್ಳಿತು. ನ್ಯೂಟನ್ನನ ಮೂರನೇ ನಿಯಮ ಇದೇ.

ವಿಮಾನದ ರೆಕ್ಕೆ ಮಾಡುವುದೂ ಇದೇ ಕೆಲಸ, ಆದರೆ ಪ್ಯಾಡಿಗಿಂತ ತುಂಬಾ ಚೆನ್ನಾಗಿ ಮಾಡುತ್ತದೆ. ರೆಕ್ಕೆಯ ಮೇಲ್ಭಾಗ ನಯವಾಗಿ ಬಾಗಿರುತ್ತದೆ. ಮೇಲೆ ಹೋಗುವ ಗಾಳಿ ಆ ಬಾಗನ್ನೇ ಹಿಡಿದುಕೊಂಡು ಹರಿದು, ಹಿಂದಿನ ಅಂಚಿನಲ್ಲಿ ಕೆಳಮುಖವಾಗಿ ಹೊರಡುತ್ತದೆ. ಹೀಗಾದಾಗ ರೆಕ್ಕೆಯ ಮೇಲೆ ಗಾಳಿಯ ಒತ್ತಡ ಕಡಿಮೆ, ಕೆಳಗೆ ಜಾಸ್ತಿ. ಮೇಲಕ್ಕೆ ಎತ್ತುವ ಈ ಬಲಕ್ಕೆ ಲಿಫ್ಟ್ ಅನ್ನುತ್ತಾರೆ.

ಇಲ್ಲೊಂದು ಮಾತು ಹೇಳಲೇಬೇಕು. ಮೇಲಿನ ಗಾಳಿಗೆ ದೂರ ಜಾಸ್ತಿ, ಕೆಳಗಿನ ಗಾಳಿಯ ಜೊತೆಗೇ ತುದಿ ಮುಟ್ಟಬೇಕು, ಅದಕ್ಕೇ ಅದು ಜೋರಾಗಿ ಓಡುತ್ತದೆ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದು ತಪ್ಪು. ಎರಡೂ ಒಟ್ಟಿಗೇ ತಲುಪಬೇಕು ಅಂತ ಯಾವ ನಿಯಮವೂ ಇಲ್ಲ. ಮೇಲಿನ ಗಾಳಿ ಜೋರಾಗಿ ಹೋಗುವುದೇನೋ ನಿಜ, ಆದರೆ ಅದು ಕೆಳಗಿನದಕ್ಕಿಂತ ಮೊದಲೇ ತುದಿ ದಾಟಿರುತ್ತದೆ.

ಹಾಗಾದರೆ ಎಂಜಿನ್ ಏನು ಮಾಡುತ್ತದೆ? ಪ್ರಯಾಣಿಕರ ವಿಮಾನದಲ್ಲಿ ಅದರ ಮುಖ್ಯ ಕೆಲಸ ಮುಂದಕ್ಕೆ ನೂಕುವುದು. ಮುಂದೆ ಓಡಿದರೆ ತಾನೇ ರೆಕ್ಕೆಗೆ ಗಾಳಿ ಸಿಗುವುದು! ವೇಗ ಎರಡರಷ್ಟಾದರೆ ಲಿಫ್ಟ್ ನಾಲ್ಕರಷ್ಟಾಗುತ್ತದೆ. ಅದಕ್ಕೇ ವಿಮಾನ ರನ್‌ವೇ ಮೇಲೆ ಅಷ್ಟು ಜೋರಾಗಿ ಓಡುವುದು. ಇಳಿಯುವಾಗ ವೇಗ ಕಡಿಮೆ ಮಾಡಬೇಕು, ಲಿಫ್ಟ್ ಮಾತ್ರ ಕಡಿಮೆಯಾಗಬಾರದು. ಆಗ ರೆಕ್ಕೆಯ ಹಿಂದಿನ ಪಟ್ಟಿಗಳು ಹೊರಗೆ ಚಾಚಿಕೊಂಡು ಕೆಳಕ್ಕೆ ಬಾಗುತ್ತವೆ. ಅವು ಫ್ಲಾಪ್‌ಗಳು. ರೆಕ್ಕೆಯ ಹತ್ತಿರದ ಕಿಟಕಿ ಸಿಕ್ಕಿದರೆ ಇದನ್ನು ತಪ್ಪದೆ ನೋಡಿ.

ಮೂತಿಯನ್ನು ಎಷ್ಟು ಎತ್ತಿದರೆ ಅಷ್ಟು ಒಳ್ಳೆಯದು ಅಂದುಕೊಳ್ಳಬೇಡಿ. ತೀರಾ ಎತ್ತಿದರೆ ಗಾಳಿ ರೆಕ್ಕೆಯ ಬಾಗನ್ನು ಬಿಟ್ಟು ಚದುರಿಹೋಗುತ್ತದೆ, ಲಿಫ್ಟ್ ಥಟ್ಟನೆ ಕುಸಿಯುತ್ತದೆ. ಪೈಲಟ್‌ಗಳು ಇದಕ್ಕೆ ಸ್ಟಾಲ್ ಅನ್ನುತ್ತಾರೆ. ಅದರಿಂದ ಹೊರಬರಲು ಮೂತಿಯನ್ನು ಕೆಳಗೆ ಮಾಡಬೇಕು. ಇದನ್ನು ಅವರಿಗೆ ತರಬೇತಿಯಲ್ಲೇ ಕಲಿಸುತ್ತಾರೆ.

ರೈಟ್ ಸಹೋದರರು ಸುಮ್ನೆ ಧೈರ್ಯ ಮಾಡಿ ಹಾರಿದವರಲ್ಲ. 1901ರಲ್ಲಿ ಗಾಳಿ ಬೀಸುವ ಒಂದು ಪೆಟ್ಟಿಗೆ ಕಟ್ಟಿ, ಅದರೊಳಗೆ ಬೇರೆ ಬೇರೆ ಆಕಾರದ ಪುಟ್ಟ ರೆಕ್ಕೆಗಳನ್ನಿಟ್ಟು ಲಿಫ್ಟ್ ಅಳೆದರು. 1903ರ ಡಿಸೆಂಬರ್ 17ರಂದು ಅವರ ಮೊದಲ ಹಾರಾಟ ನಡೆಯಿತು. ಬರೀ 12 ಸೆಕೆಂಡು, ಸುಮಾರು 36 ಮೀಟರ್. ನನಗೆ ಆ ಹಾರಾಟಕ್ಕಿಂತ ಆ ಪೆಟ್ಟಿಗೆಯೇ ಹೆಚ್ಚು ಇಷ್ಟ.

ಇನ್ನು ನಮ್ಮ ತರಗತಿಯಲ್ಲಿ ಎಲ್ಲರೂ ಕೇಳಿದ ಪ್ರಶ್ನೆ: ಎಂಜಿನ್ ನಿಂತರೆ? ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ. ಮೂತಿ ಸ್ವಲ್ಪ ತಗ್ಗಿಸಿ ಇಳಿಯುತ್ತಾ ಹೋದರೆ ವೇಗ ಉಳಿಯುತ್ತದೆ, ವೇಗ ಇದ್ದರೆ ಲಿಫ್ಟ್ ಇರುತ್ತದೆ. 1983ರ ಜುಲೈನಲ್ಲಿ ಕೆನಡಾದಲ್ಲಿ ಒಂದು ಬೋಯಿಂಗ್ 767 ವಿಮಾನದ ಇಂಧನ ಹಾರುತ್ತಿರುವಾಗಲೇ ಖಾಲಿಯಾಯಿತು. ಎರಡೂ ಎಂಜಿನ್ ನಿಂತುಹೋದವು. ಪೈಲಟ್‌ಗಳು ಅದನ್ನು ತೇಲಿಸಿಕೊಂಡು ಬಂದು ಗಿಮ್ಲಿ ಎಂಬಲ್ಲಿದ್ದ ಹಳೆಯ ರನ್‌ವೇ ಮೇಲೆ ಇಳಿಸಿದರು. ಒಳಗಿದ್ದ 69 ಜನರೂ ಬದುಕಿದರು.

ಕೇಳಿದ್ದಕ್ಕೆ ಧನ್ಯವಾದಗಳು.