ಬಸುವಿನ ಖಾರದ ಕೈ: ಅಂಗನವಾಡಿ ಮಕ್ಕಳಿಗಾಗಿ ಕೈಗೊಂಬೆಯಾಟ

ಬ್ಯಾಡಗಿ ತಾಲ್ಲೂಕಿನ ನಮ್ಮ ಅಂಗನವಾಡಿಯ 3ರಿಂದ 6 ವರ್ಷದ ಮಕ್ಕಳಿಗಾಗಿ ಬರೆದ ಈ ಆಟವನ್ನು ಮಧ್ಯಾಹ್ನದ ಊಟಕ್ಕೆ ಕಾಲು ಗಂಟೆ ಮುಂಚೆ ಆಡಬೇಕು. ಆಟ ಮುಗಿದ ಕೂಡಲೇ ಮಕ್ಕಳು ನಿಜವಾಗಿಯೂ ಕೈ ತೊಳೆದು ತಟ್ಟೆಯ ಮುಂದೆ ಕೂರುವಂತಾಗಬೇಕು. ಬಸು ಮತ್ತು ಅಜ್ಜಿ ಎರಡೇ ಗೊಂಬೆಗಳು. ಅವನ್ನು ಹಳೆಯ ಸೀರೆಯ ಬಟ್ಟೆಯಲ್ಲಿ ಹೊಲಿದುಕೊಂಡು, ಎರಡು ಕುರ್ಚಿಗಳ ನಡುವೆ ಕಟ್ಟಿದ ಸೀರೆಯ ಹಿಂದಿನಿಂದ ಒಬ್ಬರೇ ಆಡಿಸಬಹುದು. ಅಕ್ಕೋರು ಪರದೆಯ ಮುಂದೆ ಮಕ್ಕಳ ಜೊತೆ ಕುಳಿತಿರುತ್ತಾರೆ. ನೊರೆಗೆ ಹತ್ತಿ, ನೀರಿಗೆ ನೀಲಿ ಬಟ್ಟೆಯ ಪಟ್ಟಿ, ಮೆಣಸಿನಕಾಯಿಗೆ ಕೆಂಪು ಬಟ್ಟೆಯ ಚೂರುಗಳು ಸಾಕು. ನಿಜವಾದ ಮೆಣಸಿನಕಾಯಿಯನ್ನು ಮಕ್ಕಳ ಬಳಿ ತರಲೇಬಾರದು. ರೋಗಾಣುವಿಗೆಂದು ಹಲ್ಲು ಕಿರಿಯುವ ರಾಕ್ಷಸ ಗೊಂಬೆಯನ್ನು ನಾನು ಬೇಕೆಂದೇ ಮಾಡಿಲ್ಲ, ಏಕೆಂದರೆ ಚಿಕ್ಕ ಮಕ್ಕಳು ಅದನ್ನು ಕಂಡು ಹೆದರುತ್ತಾರೆ ಅಥವಾ ಅದರ ಜೊತೆ ಆಡಲು ಬಯಸುತ್ತಾರೆ, ಕೈ ತೊಳೆಯುವುದು ಮರೆತೇಹೋಗುತ್ತದೆ. ಕಣ್ಣಿಗೆ ಕಾಣದೆಯೂ ಕೈಯಲ್ಲಿ ಉಳಿಯುವ ಖಾರ ನಮ್ಮೂರಿನ ಪ್ರತಿ ಮಗುವಿಗೂ ಗೊತ್ತು. ಸಂಭಾಷಣೆ ಇಲ್ಲಿ ಬರಹದ ಭಾಷೆಯಲ್ಲಿದೆ. ಆಡುವಾಗ ಅದನ್ನು ಊರಿನ ಮಾತಿಗೆ ತಿರುಗಿಸಿಕೊಳ್ಳಬೇಕು.

ಹಾಡು

ನೀರು ಹಾಕು, ಸಾಬೂನು ಹಚ್ಚು,
ಬುರುಬುರು ನೊರೆಯು ಹೆಚ್ಚು ಹೆಚ್ಚು!
ಅಂಗೈ ತಿಕ್ಕು, ಹಿಂಗೈ ತಿಕ್ಕು,
ಬೆರಳಿನ ಸಂದಿಯ ತಿಕ್ಕು ತಿಕ್ಕು!
ಹೆಬ್ಬೆರಳಣ್ಣನ ಸುತ್ತಾ ತಿಕ್ಕು,
ಉಗುರಿನ ತುದಿಯ ತಿಕ್ಕು ತಿಕ್ಕು!
ಝುಳುಝುಳು ನೀರಲಿ ಕೊಳೆಯೆಲ್ಲ ಹೋಯ್ತು,
ನಮ್ಮಯ ಕೈಯಿ ಫಳಫಳ ಆಯ್ತು!

(ಸಾಬೂನಿನಿಂದ ತಿಕ್ಕುವುದು ಕನಿಷ್ಠ 20 ಸೆಕೆಂಡಾದರೂ ನಡೆಯಬೇಕಾದ್ದರಿಂದ ‘ತಿಕ್ಕು’ ಎನ್ನುವ ನಾಲ್ಕು ಸಾಲುಗಳನ್ನು ಪ್ರತಿ ಸಲವೂ ನಿಧಾನವಾಗಿ ಎರಡು ಬಾರಿ ಹಾಡಬೇಕು.)

ಆಟ

(ಪರದೆಯ ಮೇಲೆ ಅಜ್ಜಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಾಳೆ. ಬಸು ಕುಣಿಯುತ್ತಾ ಬರುತ್ತಾನೆ.)

ಬಸು: ಅಜ್ಜೀ, ನಾನೂ ತೊಟ್ಟು ಬಿಡಿಸುತ್ತೇನೆ!

ಅಜ್ಜಿ: ಬೇಡಪ್ಪಾ ಬಸು, ಇದು ದೊಡ್ಡವರ ಕೆಲಸ. ನೀನು ಅಂಗನವಾಡಿಗೆ ನಡೆ, ಅಕ್ಕೋರು ಕಾಯುತ್ತಿರುತ್ತಾರೆ.

(ಅಜ್ಜಿ ಆಚೆ ತಿರುಗುತ್ತಾಳೆ. ಬಸು ಮೆಲ್ಲಗೆ ಎರಡೂ ಕೈಗಳಿಂದ ಮೆಣಸಿನಕಾಯಿಯನ್ನು ಬಾಚಿಕೊಳ್ಳುತ್ತಾನೆ, ಕೆಳಗೆ ಹಾಕುತ್ತಾನೆ, ಓಡಿ ಪರದೆಯ ಇನ್ನೊಂದು ತುದಿಗೆ ಬರುತ್ತಾನೆ.)

ಬಸು: ನಮಸ್ಕಾರ ಅಕ್ಕೋರೇ! ನಮಸ್ಕಾರ ಮಕ್ಕಳೇ!

ಮಕ್ಕಳು: ನಮಸ್ಕಾರ ಬಸು!

ಅಕ್ಕೋರು: ಬಸು, ನಿನ್ನ ಕೈ ತೋರಿಸು. ಮಕ್ಕಳೇ, ಅವನ ಕೈಯಲ್ಲಿ ಏನಾದರೂ ಕಾಣುತ್ತದೆಯೇ?

ಮಕ್ಕಳು: ಇಲ್ಲ!

ಬಸು: ನೋಡಿ ಅಕ್ಕೋರೇ, ನನ್ನ ಕೈ ಎಷ್ಟು ಸ್ವಚ್ಛವಾಗಿದೆ! (ಕಣ್ಣು ಉಜ್ಜಿಕೊಳ್ಳುತ್ತಾನೆ.) ಅಯ್ಯೋ! ಅಯ್ಯಯ್ಯೋ! ಕಣ್ಣು ಉರಿಯುತ್ತಿದೆ!

(ಬಸು ಪರದೆಯ ಉದ್ದಕ್ಕೂ ಓಡಾಡುತ್ತಾನೆ. ಇಲ್ಲಿ ಮಕ್ಕಳು ತಾವಾಗಿಯೇ ‘ಖಾರ!’ ಎಂದು ಕೂಗುವುದುಂಟು. ಅದಕ್ಕೆ ಸಾಕಷ್ಟು ಸಮಯ ಕೊಡಬೇಕು, ಅವರು ಕಂಡುಕೊಳ್ಳುವುದನ್ನು ನಾವು ಮೊದಲೇ ಹೇಳಿಬಿಡಬಾರದು. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಖಾರಕ್ಕಿಂತ ಬಣ್ಣಕ್ಕೆ ನಿಜ, ಆದರೆ ಮಗುವಿನ ಕಣ್ಣಿಗೆ ಅಷ್ಟು ಖಾರವೇ ಬಹಳ.)

ಅಕ್ಕೋರು: ಖಾರವು ಕೈಯಲ್ಲಿ ಇತ್ತೇ, ಇರಲಿಲ್ಲವೇ?

ಮಕ್ಕಳು: ಇತ್ತು!

ಅಕ್ಕೋರು: ಕಣ್ಣಿಗೆ ಕಂಡಿತೇ?

ಮಕ್ಕಳು: ಕಾಣಲಿಲ್ಲ!

ಅಕ್ಕೋರು: ಹಾಗಾದರೆ ನಾನು ‘ಕಾಣುವುದಿಲ್ಲ’ ಎಂದರೆ, ನೀವು ‘ಆದರೂ ಇದೆ’ ಎನ್ನಬೇಕು. ಕಾಣುವುದಿಲ್ಲ!

ಮಕ್ಕಳು: ಆದರೂ ಇದೆ!

ಅಕ್ಕೋರು: (ಪಿಸುಮಾತಿನಲ್ಲಿ) ಕಾಣುವುದಿಲ್ಲ…

ಮಕ್ಕಳು: (ಪಿಸುಮಾತಿನಲ್ಲಿ) ಆದರೂ ಇದೆ…

ಬಸು: ನೀರು ಸಿಕ್ಕಿತು! (ನೀಲಿ ಪಟ್ಟಿಯಲ್ಲಿ ಕೈಯನ್ನು ಒಮ್ಮೆ ಅದ್ದಿ ತೆಗೆಯುತ್ತಾನೆ.) ತೊಳೆದಾಯಿತು. (ಮತ್ತೆ ಕಣ್ಣು ಮುಟ್ಟಿಕೊಳ್ಳುತ್ತಾನೆ.) ಅಯ್ಯೋ! ಇನ್ನೂ ಉರಿಯುತ್ತಿದೆಯಲ್ಲ!

(ಅಕ್ಕೋರು ತಮ್ಮ ಅಂಗೈಗೆ ಎಣ್ಣೆ ಬೆರೆಸಿದ ಕಾಡಿಗೆಯನ್ನು ಹಚ್ಚಿಕೊಂಡು ಮಕ್ಕಳಿಗೆ ತೋರಿಸುತ್ತಾರೆ, ಬರಿಯ ನೀರನ್ನು ಸುರಿದುಕೊಳ್ಳುತ್ತಾರೆ.)

ಅಕ್ಕೋರು: ಕರಿ ಬಣ್ಣ ಹೋಯಿತೇ?

ಮಕ್ಕಳು: ಹೋಗಲಿಲ್ಲ!

ಅಕ್ಕೋರು: ಎಣ್ಣೆಯ ಜಿಡ್ಡು ನೀರಿನ ಮಾತನ್ನು ಕೇಳುವುದಿಲ್ಲ, ಸಾಬೂನು ಬಂದು ಅದನ್ನು ಕೈಯಿಂದ ಬಿಡಿಸಿದ ಮೇಲೆಯೇ ನೀರು ಅದನ್ನು ಎತ್ತಿಕೊಂಡು ಹೋಗುತ್ತದೆ. ಖಾರವೂ ಹಾಗೆಯೇ, ಹೊಟ್ಟೆನೋವು ತರುವ ಕ್ರಿಮಿಗಳೂ ಹಾಗೆಯೇ ಕೈಯಲ್ಲಿ ಅಂಟಿಕೊಂಡಿರುತ್ತವೆ. ನೀರೊಂದೇ ಸಾಕೇ?

ಮಕ್ಕಳು: ಸಾಲದು!

ಅಕ್ಕೋರು: ಮತ್ತೇನು ಬೇಕು?

ಮಕ್ಕಳು: ಸಾಬೂನು ಬೇಕು!

(ಅಕ್ಕೋರು ಸಾಬೂನು ಹಚ್ಚುತ್ತಾರೆ, ಬಸು ಹತ್ತಿಯನ್ನು ಕೈಗಳ ನಡುವೆ ಹಿಡಿಯುತ್ತಾನೆ, ಮಕ್ಕಳು ಒಣ ಕೈಗಳನ್ನೇ ಉಜ್ಜುತ್ತಾ ಹಾಡುತ್ತಾರೆ. ಹೆಬ್ಬೆರಳಿನ ಸಾಲು ಬಂದಾಗ ಅಕ್ಕೋರು ಹಾಡನ್ನು ನಿಲ್ಲಿಸಿ ಪ್ರತಿಯೊಬ್ಬ ಮಗುವಿನ ಹೆಬ್ಬೆರಳನ್ನು ನೋಡಬೇಕು, ಏಕೆಂದರೆ ದೊಡ್ಡವರು ಕೂಡ ಬಿಟ್ಟುಬಿಡುವ ಜಾಗ ಅದೇ. ಹಾಡು ಮುಗಿಯುವಾಗ ಅಕ್ಕೋರ ಅಂಗೈ ತಿಳಿಯಾಗಿರುತ್ತದೆ.)

ಅಕ್ಕೋರು: ಬಸು, ಈಗ ತೊಳೆದ ಕೈಯಿಂದ ಕಣ್ಣಿಗೆ ತಣ್ಣೀರು ಹಾಕಿಕೋ. ಉಜ್ಜಬೇಡ.

ಬಸು: (ನೀಲಿ ಪಟ್ಟಿಯನ್ನು ಮುಖಕ್ಕೆ ತಾಗಿಸಿ) ಉರಿ ಕಡಿಮೆಯಾಯಿತು ಅಕ್ಕೋರೇ!

(ಅಜ್ಜಿ ತಟ್ಟೆಯೊಂದಿಗೆ ಬರುತ್ತಾಳೆ. ಬಸು ಹೊಟ್ಟೆ ಹಿಡಿದುಕೊಳ್ಳುತ್ತಾನೆ.)

ಬಸು: ಅಕ್ಕೋರೇ, ಕಕ್ಕಸಿಗೆ ಹೋಗಿ ಬರುತ್ತೇನೆ! (ಪರದೆಯ ಕೆಳಗೆ ಇಳಿದು ಥಟ್ಟನೆ ಮೇಲೆ ಬರುತ್ತಾನೆ.) ಬಂದೆ! ಅಜ್ಜೀ, ಮೊಟ್ಟೆ ಕೊಡು, ನನಗೆ ಹಸಿವೆ!

ಅಜ್ಜಿ: ಮಕ್ಕಳೇ, ನಿಮ್ಮನ್ನೇ ಕೇಳುತ್ತೇನೆ. ಕೊಡಲೇ?

ಮಕ್ಕಳು: ಬೇಡ!

ಬಸು: ಏಕೆ ಬೇಡ? ನೋಡಿ, ಕೈಯಲ್ಲಿ ಏನೂ ಕಾಣುವುದಿಲ್ಲ!

ಮಕ್ಕಳು: ಆದರೂ ಇದೆ!

(ಇದು ಇಡೀ ಆಟದ ಮುಖ್ಯ ಗಳಿಗೆ. ಮಕ್ಕಳು ಜೋರಾಗಿ ಹೇಳುವವರೆಗೂ ಬಸು ತಟ್ಟೆಯ ಕಡೆಗೆ ಕೈ ಚಾಚುತ್ತಲೇ ಇರಲಿ, ಅಜ್ಜಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಲೇ ಇರಲಿ.)

ಅಜ್ಜಿ: ಕಕ್ಕಸಿಗೆ ಹೋಗಿ ಬಂದ ಮೇಲೆ?

ಮಕ್ಕಳು: ಕೈ ತೊಳೆ!

ಅಜ್ಜಿ: ಉಣ್ಣುವುದಕ್ಕೆ ಮೊದಲು?

ಮಕ್ಕಳು: ಕೈ ತೊಳೆ!

ಅಜ್ಜಿ: ಮಣ್ಣಿನಲ್ಲಿ ಆಡಿದ ಮೇಲೆ? ಕರುವನ್ನು ಮುಟ್ಟಿದ ಮೇಲೆ? ಮೂಗು ಒರೆಸಿಕೊಂಡ ಮೇಲೆ?

ಮಕ್ಕಳು: (ಪ್ರತಿ ಸಲವೂ) ಕೈ ತೊಳೆ!

ಬಸು: ತೊಳೆಯುತ್ತೇನೆ, ಆದರೆ ನನಗೆ ಹಾಡು ಮರೆತುಹೋಯಿತು. ನೀವೇ ಹೇಳಿಕೊಡುತ್ತೀರಾ?

(ಮಕ್ಕಳು ಹಾಡನ್ನು ಇನ್ನೊಮ್ಮೆ ಹಾಡುತ್ತಾರೆ. ಈ ಸಲ ಅಕ್ಕೋರು ದನಿಯನ್ನು ತಗ್ಗಿಸಿ, ಪ್ರತಿ ಸಾಲಿನ ಮೊದಲ ಮಾತನ್ನಷ್ಟೇ ಎತ್ತಿಕೊಡುತ್ತಾರೆ.)

ಬಸು: ಅಜ್ಜೀ, ನೀನೂ ಬೆಳಿಗ್ಗೆಯಿಂದ ಮೆಣಸಿನಕಾಯಿ ಮುಟ್ಟಿರುವೆಯಲ್ಲ! ನೀನೂ ಕೈ ತೋರಿಸು!

ಅಜ್ಜಿ: (ಕೈ ನೋಡಿಕೊಂಡು) ಏನೂ ಕಾಣುವುದಿಲ್ಲವಲ್ಲಪ್ಪಾ…

ಮಕ್ಕಳು: ಆದರೂ ಇದೆ!

ಅಜ್ಜಿ: ಹೌದಪ್ಪಾ, ಇದೆ. ಬನ್ನಿ, ಎಲ್ಲರೂ ಕೂಡಿ ತೊಳೆಯೋಣ.

(ಅಕ್ಕೋರು ಮಕ್ಕಳನ್ನು ಐದೈದು ಜನರಂತೆ ಅಂಗಳಕ್ಕೆ ಕರೆದೊಯ್ಯುತ್ತಾರೆ. ಆಯಾ ಚೊಂಬಿನಿಂದ ನೀರನ್ನು ಸುರಿಯುತ್ತಾರೆ. ಬಕೆಟ್ಟಿನಲ್ಲಿ ಎಲ್ಲರೂ ಕೈ ಅದ್ದಿದರೆ ಒಬ್ಬರ ಕೊಳೆ ಇನ್ನೊಬ್ಬರಿಗೆ ಅಂಟುವುದರಿಂದ ಹರಿಯುವ ನೀರೇ ಬೇಕು. ಒಂದೇ ಟವೆಲಿನಲ್ಲಿ ಎಲ್ಲರೂ ಒರೆಸಿಕೊಳ್ಳದೆ, ಕೈಗಳನ್ನು ಕೊಡವಿ ಗಾಳಿಗೆ ಆರಿಸಿಕೊಳ್ಳಲಿ. ಬಸು ಗೊಂಬೆ ಬಾಗಿಲ ಬಳಿ ನಿಂತು ಪ್ರತಿ ಮಗುವಿನ ಕೈಯನ್ನು ಮೂಸಿ ನೋಡಿ, ‘ಸಾಬೂನಿನ ವಾಸನೆ!’ ಎಂದು ಹೇಳಿ ಒಳಗೆ ಬಿಡುತ್ತದೆ. ಕೊನೆಯ ಮಗು ಒಳಗೆ ಬರುವವರೆಗೂ ಹಾಡು ನಿಲ್ಲಬಾರದು.)