ಚಿಕ್ಕಮ್ಮನ ಮನೆ ವಾಷಿಂಗ್ ಮೆಷಿನ್ ಕೈಕೊಟ್ಟಾಗ ಮೊದಲು ಏನು ನೋಡಬೇಕು

ಚಿಕ್ಕಮ್ಮ, ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ತೊಂದರೆಗಳ ಭಾಗವೇ ಏಳು ಪುಟ ಇದೆ, ಅದೂ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಪೂರ್ತಿ ಓದಿ ನಿಮ್ಮ ಮನೆಗೆ ಬೇಕಾದಷ್ಟನ್ನು ಮಾತ್ರ ಇಲ್ಲಿ ಬರೆದಿದ್ದೇನೆ. ಮೊಬೈಲ್ ಆಪ್ ವಿಷಯಕ್ಕೇ ಎರಡು ಪುಟ ಇತ್ತು, ಬಿಟ್ಟೆ. ನಿಮ್ಮ ತೋಟದಲ್ಲಿ ಫೋನಿಗೇ ಸಿಗ್ನಲ್ ಇಲ್ಲ.

ಇದನ್ನು ಪ್ರಿಂಟ್ ತೆಗೆಸಿ ಮೆಷಿನ್ ಮೇಲಿನ ಗೋಡೆಗೆ ಅಂಟಿಸಿ. ಮೆಕ್ಯಾನಿಕ್ ಚಿಕ್ಕಮಗಳೂರಿನಿಂದ ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಕಡೆ ಬರಬೇಕು, ಆ ದಾರಿಯಲ್ಲಿ ಇನ್ನೊಂದು ಕಂಪ್ಲೇಂಟ್ ಇಲ್ಲದಿದ್ದರೆ ಹೊರಡುವುದೇ ಇಲ್ಲ. ಹೋದ ಜುಲೈನಲ್ಲಿ ಹನ್ನೊಂದು ದಿನ ಕಾದಿದ್ದಕ್ಕೆ ಅವನು ಬಂದು ಒಂದು ಜಾಲರಿ ತೊಳೆದು, ಇದು ವಾರಂಟಿಗೆ ಬರಲ್ಲ ಅಂತ ವಿಸಿಟಿಂಗ್ ಚಾರ್ಜ್ ತಗೊಂಡು ಹೋದ, ನೆನಪಿದೆ ಅಲ್ವಾ? ಆ ಕೆಲಸ ನಿಮ್ಮದೇ ಕೈಯಲ್ಲಿ ಹತ್ತು ನಿಮಿಷದ್ದು.

ಮೆಷಿನ್‌ಗೆ ಕೈ ಹಾಕುವ ಮೊದಲು ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ, ನಲ್ಲಿ ಬಂದ್ ಮಾಡಿ. ಕೈ ಒದ್ದೆ ಇರಬಾರದು. ಇಲ್ಲಿರುವ ಕೋಡ್‌ಗಳು ನಿಮ್ಮ ಮೆಷಿನ್‌ವು, ಪಕ್ಕದ ಮನೆಯ ಬೇರೆ ಕಂಪನಿ ಮೆಷಿನ್‌ಗೆ ಇದನ್ನೇ ಹೇಳಿಕೊಡಬೇಡಿ.

IE ಬಂದರೆ: ನೀರು ಸಾಕಾಗುತ್ತಿಲ್ಲ

ನಿಮ್ಮಲ್ಲಿ ಜಾಸ್ತಿ ಬರುವುದು ಇದೇ. ನಲ್ಲಿ ಪೂರ್ತಿ ತೆರೆದಿದೆಯಾ, ಟ್ಯಾಂಕಿನಲ್ಲಿ ನೀರಿದೆಯಾ, ಹಿಂದಿನ ಪೈಪ್ ಗೋಡೆಗೆ ಒತ್ತಿ ಮಡಚಿದೆಯಾ ನೋಡಿ. ಎಲ್ಲ ಸರಿ ಇದ್ದರೆ ಜಾಲರಿ. ಮೆಷಿನ್ ಹಿಂದೆ ಪೈಪ್ ಸೇರುವ ಕಡೆ ತಿರುಪು ಬಿಚ್ಚಿದರೆ ಒಳಗೆ ಹತ್ತು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಜಾಲರಿ ಕಾಣುತ್ತದೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದು, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ, ವಾಪಸ್ ಕೂರಿಸಿ. ಹಳ್ಳದ ನೀರು ಮಳೆಗಾಲದಲ್ಲಿ ಕೆಂಪಗೆ ಬರುತ್ತದಲ್ಲ, ಆ ಮಣ್ಣೆಲ್ಲ ಇಲ್ಲೇ ನಿಲ್ಲುವುದು. ಪುಸ್ತಕ ಆರು ತಿಂಗಳಿಗೊಮ್ಮೆ ತೊಳೆಯಿರಿ ಅನ್ನುತ್ತದೆ, ನಾನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಅನ್ನುತ್ತೇನೆ.

ಇನ್ನೊಂದು ಒತ್ತಡದ ಲೆಕ್ಕ. ಈ ಮೆಷಿನ್‌ಗೆ ಕನಿಷ್ಠ 0.3 ಬಾರ್ ಬೇಕಂತೆ. ಟ್ಯಾಂಕ್ ಒಂದು ಮೀಟರ್ ಮೇಲಿದ್ದರೆ ಸುಮಾರು 0.1 ಬಾರ್ ಸಿಗುತ್ತದೆ, ಅಂದರೆ ನೀರಿನ ಮಟ್ಟ ಮೆಷಿನ್‌ನ ನಲ್ಲಿಗಿಂತ ಮೂರು ಮೀಟರ್, ಹತ್ತಡಿಯಷ್ಟು ಎತ್ತರ ಇರಬೇಕು. ನಿಮ್ಮ ಟ್ಯಾಂಕ್ ಅಷ್ಟಕ್ಕೆ ಸರಿಯಾಗಿ ಇದೆ, ಅದಕ್ಕೇ ಚಿಕ್ಕಪ್ಪ ಅದೇ ಲೈನಿನಿಂದ ನರ್ಸರಿ ಗಿಡಕ್ಕೆ ನೀರು ಬಿಟ್ಟ ತಕ್ಷಣ IE ಬರುತ್ತದೆ. ಮೆಷಿನ್ ಕೆಟ್ಟಿಲ್ಲ, ಅವರಿಗೆ ಅರ್ಧ ಗಂಟೆ ತಡೆಯಲು ಹೇಳಿ.

OE ಬಂದರೆ: ನೀರು ಹೊರಗೆ ಹೋಗುತ್ತಿಲ್ಲ

ಮುಂದೆ ಕೆಳಗೆ ಬಲ ಮೂಲೆಯಲ್ಲಿ ಪುಟ್ಟ ಬಾಗಿಲಿದೆ. ಬಿಸಿನೀರಿನಲ್ಲಿ ಒಗೆದಿದ್ದರೆ ಆರುವವರೆಗೆ ಕಾಯಿರಿ. ಒಂದು ಅಗಲದ ತಟ್ಟೆ ಇಟ್ಟು, ಒಳಗಿನ ಬೆರಳುಗಾತ್ರದ ಸಣ್ಣ ಪೈಪ್ ಎಳೆದು ಅದರ ಬಿರಡೆ ತೆಗೆದು ನೀರು ಸುರಿಸಿ. ಒಂದು ತಟ್ಟೆ ಸಾಲಲ್ಲ, ಮೂರು ನಾಲ್ಕು ಸಲ ಚೆಲ್ಲಬೇಕಾಗುತ್ತದೆ. ನೀರು ಪೂರ್ತಿ ನಿಂತ ಮೇಲೆ ಪಕ್ಕದ ದೊಡ್ಡ ಮುಚ್ಚಳ ಎಡಕ್ಕೆ ತಿರುಗಿಸಿದರೆ ಫಿಲ್ಟರ್ ಕೈಗೆ ಬರುತ್ತದೆ. ಹೋದ ಸಲ ಅದರಲ್ಲಿ ಸಿಕ್ಕಿದ್ದು ನಾಲ್ಕು ಕಾಫಿ ಬೀಜ, ಒಂದು ಹೇರ್‌ಪಿನ್, ಐದು ರೂಪಾಯಿ ನಾಣ್ಯ, ಒದ್ದೆ ಹತ್ತಿಯಂಥ ನೂಲಿನ ಗಂಟು. ಕಾಫಿ ಬೀಜ ಯಾರ ಜೇಬಿನದು ಅಂತ ನಾನು ಹೇಳಬೇಕಾಗಿಲ್ಲ. ಕಣದಲ್ಲಿ ಕಾಫಿ ಒಣಗಿಸುವ ತಿಂಗಳುಗಳಲ್ಲಿ ಪ್ಯಾಂಟಿನ ಜೇಬು ಹೊರಗೆ ಮಗುಚಿ ಹಾಕಿ.

ಮುಚ್ಚಳ ವಾಪಸ್ ಬಿಗಿಯಾಗಿ ಹಾಕಿ, ಇಲ್ಲದಿದ್ದರೆ ಮುಂದಿನ ಸಲ ಅಲ್ಲೇ ಸೋರುತ್ತದೆ. ನೀರು ಹೊರಹೋಗುವ ಪೈಪ್‌ನ ತುದಿ ನೆಲದಿಂದ 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿರಬೇಕು. ಬಚ್ಚಲ ನೆಲಕ್ಕೆ ಬಿಟ್ಟರೆ ತುಂಬುವ ನೀರೆಲ್ಲ ಹಾಗೇ ಹರಿದುಹೋಗಿ, ಮೆಷಿನ್ ನೀರು ಬರುತ್ತಿಲ್ಲ ಅಂದುಕೊಂಡು IE ತೋರಿಸಬಹುದು.

UE ಬಂದರೆ, ಅಥವಾ ಮೆಷಿನ್ ಕುಣಿದರೆ

ಬಟ್ಟೆ ಒಂದೇ ಕಡೆ ಕೂತಿದೆ. ಒಂದೇ ಕಂಬಳಿ ಹಾಕಿದರೆ ಹೀಗಾಗುತ್ತದೆ, ಜೊತೆಗೆ ಎರಡು ಟವೆಲ್ ಹಾಕಿ. ತುಂಬಾ ತುರುಕಿದ್ದರೆ ಅರ್ಧ ತೆಗೆಯಿರಿ. ಮೇಲಿನ ಮೂಲೆಗಳನ್ನು ಒತ್ತಿ ನೋಡಿ, ಅಲುಗಿದರೆ ಕೆಳಗಿನ ಕಾಲನ್ನು ತಿರುಗಿಸಿ ಸಮ ಮಾಡಿ. ಕಾಲಿನ ಕೆಳಗೆ ರಟ್ಟು ಮಡಚಿ ಇಡಬೇಡಿ, ಒದ್ದೆಯಾಗಿ ಕುಸಿಯುತ್ತದೆ. ಮೆಷಿನ್ ಬೇರೆ ಕಡೆ ಸಾಗಿಸಲು ಹಿಂದೆ ಹಾಕುವ ನಾಲ್ಕು ಬೋಲ್ಟ್ ಬಿಚ್ಚದೆ ಓಡಿಸಿದರೂ ಕುಣಿಯುತ್ತದೆ. ನಿಮ್ಮದರಲ್ಲಿ ಬಿಚ್ಚಿದೆ, ಬೋಲ್ಟ್‌ಗಳು ಬಿಲ್ ಇರುವ ಕವರ್‌ನಲ್ಲೇ ಇವೆ. ಬಿಸಾಡಬೇಡಿ.

ಬಾಗಿಲು, ಬಟನ್, ಕರೆಂಟ್

dE ಅಂದರೆ ಬಾಗಿಲು ಸರಿಯಾಗಿ ಮುಚ್ಚಿಲ್ಲ, ರಬ್ಬರ್ ನಡುವೆ ಕಾಲ್ಚೀಲ ಸಿಕ್ಕಿದೆಯಾ ನೋಡಿ. ಒಗೆದು ಮುಗಿದ ಮೇಲೂ ಬಾಗಿಲ ಬೀಗ ಬಿಡಲು ಎರಡು ಮೂರು ನಿಮಿಷ ಬೇಕು, ಸುಮ್ನೆ ಎಳೆದರೆ ಹಿಡಿ ಮುರಿಯುತ್ತದೆ. CL ಕಂಡರೆ ಮಕ್ಕಳ ಬೀಗ, ಬೀಗದ ಚಿತ್ರ ಇರುವ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿಯಿರಿ.

ಮೆಷಿನ್ ಆನ್ ಆಗದಿದ್ದರೆ ಅದೇ ಪ್ಲಗ್ ಪಾಯಿಂಟಿನಲ್ಲಿ ಕರೆಂಟ್ ಇದೆಯಾ ಮೊದಲು ನೋಡಿ. ಇದಕ್ಕೆ 220ರಿಂದ 240 ವೋಲ್ಟ್ ಬೇಕು, ನಿಮ್ಮಲ್ಲಿ ಸಂಜೆ ಬಲ್ಬ್ ಮಂಕಾದ ಹೊತ್ತಿಗೆ ಬಟ್ಟೆ ಹಾಕಲೇಬೇಡಿ. ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ, ಬರೀ ಸ್ವಿಚ್ ಆಫ್ ಸಾಲದು.

ವಾಸನೆ, ನೊರೆ

ಇದಕ್ಕೆ ಕೋಡ್ ಇಲ್ಲ. ಮಳೆಗಾಲದಲ್ಲಿ ಬಾಗಿಲು ಮುಚ್ಚಿಟ್ಟರೆ ರಬ್ಬರ್ ಮಡಿಕೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಒಗೆದ ಮೇಲೆ ಒರೆಸಿ, ಬಾಗಿಲು ಸ್ವಲ್ಪ ತೆರೆದಿಡಿ, ತಿಂಗಳಿಗೊಮ್ಮೆ ಖಾಲಿ ಮೆಷಿನ್‌ನಲ್ಲಿ ಟಬ್ ಕ್ಲೀನ್ ಓಡಿಸಿ. ನೊರೆ ಉಕ್ಕಿದರೆ ಕೈಯಲ್ಲಿ ಒಗೆಯುವ ಪುಡಿ ಹಾಕಿದ್ದೀರಿ ಅಂತಲೇ ಅರ್ಥ. ಫ್ರಂಟ್ ಲೋಡ್ ಪುಡಿಯನ್ನೇ ಹಾಕಿ, ಹೇಳಿದ ಅಳತೆಗಿಂತ ಜಾಸ್ತಿ ಬೇಡ.

ಇಷ್ಟಾದರೆ ಕೈ ಹಾಕಬೇಡಿ, ಸರ್ವೀಸ್‌ಗೆ ಫೋನ್ ಮಾಡಿ

ಮೈ ಮುಟ್ಟಿದರೆ ಜುಮ್ ಅಂದರೆ ತಕ್ಷಣ ಮನೆಯ ಮೇನ್ ಆಫ್ ಮಾಡಿ, ಆಮೇಲೆ ಪ್ಲಗ್ ಕೀಳಿ. ಮೆಕ್ಯಾನಿಕ್‌ಗೂ ಮೊದಲು ನಿಮ್ಮ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ನೋಡಿಸಿ. ಸುಟ್ಟ ವಾಸನೆ, ಮೆಷಿನ್ ಹಾಕಿದಾಗಲೆಲ್ಲ ಎಂಸಿಬಿ ಬೀಳುವುದು, ಅಡಿಯಿಂದ ಸೋರುವುದು, ಹಿಂಡುವಾಗ ಕಲ್ಲು ಅರೆದಂಥ ಸದ್ದು, ಇವು ಯಾವುದೂ ನಿಮ್ಮ ಕೆಲಸ ಅಲ್ಲ. FE ಬಂದರೆ ನೀರು ನಿಲ್ಲದೆ ತುಂಬುತ್ತಿದೆ, ನಲ್ಲಿ ಬಂದ್ ಮಾಡಿ ಫೋನ್ ಮಾಡಿ. LE ಬಂದರೆ ಮೋಟಾರ್ ಸುಸ್ತಾಗಿದೆ. ಅರ್ಧ ಗಂಟೆ ಬಿಟ್ಟು ಕಡಿಮೆ ಬಟ್ಟೆ ಹಾಕಿ ನೋಡಿ, ಮತ್ತೆ ಬಂದರೆ ಕರೆಯಿರಿ. IE, OE ಕೂಡ ಮೇಲೆ ಹೇಳಿದ್ದೆಲ್ಲ ಮಾಡಿದ ಮೇಲೂ ಎರಡು ಸಲ ಬಂದರೆ ಕರೆಯಿರಿ. ಇಲಿ ವೈರ್ ಕಡಿದದ್ದು ವಾರಂಟಿಗೆ ಬರಲ್ಲ ಅಂತ ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲೇ ಇದೆ, ಬೆಕ್ಕಿಗೆ ಹೇಳಿ.

ಫೋನ್ ಮಾಡುವಾಗ ಬರೀ "ಮೆಷಿನ್ ಹಾಳಾಗಿದೆ" ಅನ್ನಬೇಡಿ. ಪರದೆ ಮೇಲಿನ ಕೋಡ್, ಅದು ತುಂಬುವಾಗ ಬಂತಾ ಹಿಂಡುವಾಗಲಾ, ನೀವು ಏನೇನು ತೊಳೆದು ನೋಡಿದಿರಿ, ಇಷ್ಟು ಹೇಳಿದರೆ ಅವನು ಬೇಕಾದ ಪಾರ್ಟ್ ಜೊತೆಗೇ ತರುತ್ತಾನೆ, ಎರಡನೇ ಸಲ ಕಾಯುವುದು ತಪ್ಪುತ್ತದೆ. ಮಾಡೆಲ್ ನಂಬರ್, ಸೀರಿಯಲ್ ನಂಬರ್ ಬಾಗಿಲು ತೆರೆದರೆ ಒಳ ಅಂಚಿನ ಸ್ಟಿಕ್ಕರ್ ಮೇಲಿವೆ, ಈ ಹಾಳೆಯ ಹಿಂದೆ ಈಗಲೇ ಬರೆದಿಡಿ. ಬಿಲ್ ಚಿಕ್ಕಪ್ಪನ ಬೀರುವಿನಲ್ಲಿ, ಕಾಫಿ ಪಟ್ಟಿಗಳ ಫೈಲಿನ ಕೆಳಗೆ ಇದೆ.